ಜಾಲತಾಣ ಆ್ಯಪ್ ಆಗುವುದು ಎಲ್ಲಿ

ಮುಂಗಾರು ಕೊಡಗಿನಲ್ಲಿ ಬಿರುಸಾಯಿತೆಂದರೆ ಮಂಡ್ಯ ಜಿಲ್ಲೆಯವರ ಕಣ್ಣು ಕೆಲವು ಅಂಕಿಗಳ ಮೇಲೆ ನೆಡುತ್ತದೆ. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಇವತ್ತಿನ ಮಟ್ಟ ಎಷ್ಟು, ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು? ಶ್ರೀರಂಗಪಟ್ಟಣದಲ್ಲಿ ಹೊಳೆದಂಡೆಯ ತೋಟದವರಿಗೆ ಹೊರಹರಿವು ಮುಖ್ಯ. ಪಾಂಡವಪುರದ ಕಬ್ಬು ಬೆಳೆಗಾರರಿಗೆ ಕಟ್ಟೆ ತುಂಬಿ ನಾಲೆಗೆ ನೀರು ಬರುತ್ತದೆಯೇ ಎಂಬುದು ಮುಖ್ಯ. ಕೆ.ಆರ್. ಪೇಟೆಯವರು ಕನ್ನಂಬಾಡಿಯ ಹಿನ್ನೀರನ್ನೂ ಹೇಮಾವತಿಯನ್ನೂ ನೋಡಬೇಕು, ನಾಗಮಂಗಲದ ಕಡೆಯವರಿಗೆ ಹೇಮಾವತಿ ನಾಲೆಯದೇ ನಿರೀಕ್ಷೆ. ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟೆಯ ಗರಿಷ್ಠ ಮಟ್ಟ 2,922 ಅಡಿ. ಎರಡು ಕಟ್ಟೆಗಳ ಎಲ್ಲ ಅಂಕಿಗಳನ್ನು ಸೇರಿಸಿದರೂ ಒಂದು ಎಸ್ಸೆಮ್ಮೆಸ್‌ನಲ್ಲಿ ಹಿಡಿಸುವಷ್ಟೇ ಮಾಹಿತಿ.

ಇಷ್ಟನ್ನು ಜನರಿಗೆ ಮುಟ್ಟಿಸಲು ಒಬ್ಬ ತಂತ್ರಜ್ಞ ಹೊರಟನೆಂದು ಇಟ್ಟುಕೊಳ್ಳೋಣ. ಪ್ಲೇ ಸ್ಟೋರ್‌ಗೆ ಒಂದು ಆ್ಯಪ್ ಮಾಡಿ ಹಾಕಬಹುದು. ಆದರೆ ದಿನಕ್ಕೆ ಹತ್ತು ಸೆಕೆಂಡ್ ನೋಡುವ ಅಂಕಿಗಾಗಿ ತುಂಬಿದ ಫೋನಿನಲ್ಲಿ ಜಾಗ ಮಾಡಿಕೊಂಡು ಆ್ಯಪ್ ಇಳಿಸಿಕೊಳ್ಳುವವರು ಕಡಿಮೆ. ಬರಿಯ ಜಾಲತಾಣ ಮಾಡಿದರೆ ಪ್ರತಿಸಲವೂ ಬ್ರೌಸರ್ ತೆರೆದು, ಹುಡುಕಿ, ಅದೇ ಪುಟವನ್ನು ಮತ್ತೆ ಹಿಡಿಯಬೇಕು, ಅದೂ ಸಿಗ್ನಲ್ ಇದ್ದರೆ ಮಾತ್ರ. ಈ ಎರಡರ ನಡುವಿನ ದಾರಿಗೆ ಪ್ರೋಗ್ರೆಸಿವ್ ವೆಬ್ ಆ್ಯಪ್ ಎಂದು ಹೆಸರು. ಅದು ಜಾಲತಾಣವೇ, ಆದರೆ ಫೋನಿನ ಹೋಮ್ ಸ್ಕ್ರೀನ್ ಮೇಲೆ ತನ್ನ ಐಕಾನ್ ಇಟ್ಟುಕೊಂಡು, ಮುಟ್ಟಿದರೆ ಅಡ್ರೆಸ್ ಬಾರ್ ಇಲ್ಲದೆ ತನ್ನದೇ ಪರದೆಯಲ್ಲಿ ತೆರೆದುಕೊಳ್ಳುತ್ತದೆ.

ಈ ದಾರಿಯನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ತುಳಿದವರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ಒಂದು. 2015ರಲ್ಲಿ ಆ ಕಂಪನಿ ತನ್ನ ಮೊಬೈಲ್ ಜಾಲತಾಣವನ್ನು ಮುಚ್ಚಿ, ಕೊಳ್ಳುವವರೆಲ್ಲ ಆ್ಯಪ್‌ಗೇ ಬರಲಿ ಎಂದಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ನಿಲುವು ಬದಲಿಸಿ, ಫ್ಲಿಪ್‌ಕಾರ್ಟ್ ಲೈಟ್ ಎಂಬ ಹೆಸರಿನಲ್ಲಿ ಜಾಲತಾಣಕ್ಕೆ ಮರಳಿತು. ಈ ಸಲ ಜಾಲತಾಣವನ್ನು ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಳ್ಳಬಹುದಿತ್ತು, ನೆಟ್ ಕೈಕೊಟ್ಟಾಗಲೂ ಅದು ತೆರೆದುಕೊಳ್ಳುತ್ತಿತ್ತು. ಆಗ ಪ್ರಕಟವಾದ ವಿವರಗಳ ಪ್ರಕಾರ ಫ್ಲಿಪ್‌ಕಾರ್ಟ್ ಲೈಟ್ ಬಳಸಿದವರಲ್ಲಿ ಶೇ 63ರಷ್ಟು ಮಂದಿ ಬಂದದ್ದು 2ಜಿ ಜಾಲದಿಂದ. ಐಕಾನ್ ಮುಟ್ಟಿ ಬಂದವರು ಕೊಳ್ಳುವ ಪ್ರಮಾಣ ಉಳಿದವರಿಗಿಂತ ಶೇ 70ರಷ್ಟು ಹೆಚ್ಚಿತ್ತು. ಎರಡನೆಯ ಅಂಕಿಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಐಕಾನ್ ಇಟ್ಟುಕೊಂಡವರು ಮೊದಲೇ ಆ ಅಂಗಡಿಯನ್ನು ಇಷ್ಟಪಟ್ಟವರೂ ಆಗಿರಬಹುದು. ಮೊದಲನೆಯ ಅಂಕಿ ಮಾತ್ರ ನೇರವಾಗಿದೆ: ಈ ತಂತ್ರ ನಮ್ಮಲ್ಲಿ ಬೇರೂರಿದ್ದು ನಿಧಾನದ ಜಾಲದ ಮೇಲೆ.

ಬ್ರೌಸರ್‌ಗೆ ಒಂದು ಜಾಲತಾಣ ಆ್ಯಪ್ ಎಂದು ಗೊತ್ತಾಗುವುದು ಮ್ಯಾನಿಫೆಸ್ಟ್ ಎಂಬ ಪುಟ್ಟ ಕಡತದಿಂದ. ನಮ್ಮ ನೀರಿನ ಮಟ್ಟದ ತಾಣಕ್ಕೆ ಅದು ಹೀಗಿದ್ದರೆ ಸಾಕು:

```
{
  "id": "/",
  "name": "ಕಾವೇರಿ ನೀರಿನ ಮಟ್ಟ",
  "short_name": "ನೀರಿನ ಮಟ್ಟ",
  "lang": "kn",
  "start_url": "/",
  "scope": "/",
  "display": "standalone",
  "background_color": "#ffffff",
  "theme_color": "#0b5d7a",
  "icons": [
    { "src": "/i/192.png", "sizes": "192x192" },
    { "src": "/i/512.png", "sizes": "512x512" },
    { "src": "/i/mask.png", "sizes": "512x512",
      "purpose": "maskable" }
  ]
}
```

ತಾಣದ ಪ್ರತಿ ಪುಟದ ತಲೆಭಾಗದಲ್ಲಿ ಈ ಕಡತ ಎಲ್ಲಿದೆ ಎಂದು ತಿಳಿಸುವ ಒಂದು ಸಾಲು ಇರಬೇಕು:

```
<link rel="manifest" href="/manifest.webmanifest">
```

ಇದರಲ್ಲಿ ಪ್ರೋಗ್ರಾಮ್ ಏನೂ ಇಲ್ಲ, ಬರಿಯ ಘೋಷಣೆ. ನನ್ನ ಹೆಸರು ಇದು, ಐಕಾನ್ ಇದು, ತೆರೆದಾಗ ಈ ಪುಟದಿಂದ ಶುರು ಮಾಡಿ, ಅಡ್ರೆಸ್ ಬಾರ್ ಬೇಡ. ಇಷ್ಟೇ. ಆಂಡ್ರಾಯ್ಡ್‌ನ ಕ್ರೋಮ್ ಇದನ್ನು ಓದಿ, ತಾಣ ಎಚ್‌ಟಿಟಿಪಿಎಸ್ ಮೂಲಕ ಬರುತ್ತಿದೆಯೇ, ಹೆಸರು ಇದೆಯೇ, 192 ಮತ್ತು 512 ಪಿಕ್ಸೆಲ್‌ನ ಐಕಾನ್‌ಗಳು ನಿಜವಾಗಿ ಸಿಗುತ್ತವೆಯೇ, `start_url` ಮತ್ತು `display` ಸರಿಯಾಗಿವೆಯೇ ಎಂದು ನೋಡುತ್ತದೆ. ಎಲ್ಲ ಸರಿಯಿದ್ದರೆ ತಾಣ ಇನ್‌ಸ್ಟಾಲ್ ಆಗಲು ಯೋಗ್ಯ.

ಆಂಡ್ರಾಯ್ಡ್‌ನಲ್ಲಿ ಹೀಗೆ ಇನ್‌ಸ್ಟಾಲ್ ಮಾಡಿದಾಗ ಸಾಮಾನ್ಯವಾಗಿ ಬರಿಯ ಶಾರ್ಟ್‌ಕಟ್ ಬೀಳುವುದಿಲ್ಲ. ಮ್ಯಾನಿಫೆಸ್ಟ್‌ನ ವಿವರಗಳನ್ನು ಗೂಗಲ್‌ನ ಸರ್ವರ್‌ಗೆ ಕಳಿಸಿ, ಅಲ್ಲಿ ಸಹಿ ಬಿದ್ದ ಒಂದು ಸಣ್ಣ ಆಂಡ್ರಾಯ್ಡ್ ಪೊಟ್ಟಣವನ್ನು ಕ್ರೋಮ್ ಸಿದ್ಧ ಮಾಡಿಸಿಕೊಳ್ಳುತ್ತದೆ. ಅದಕ್ಕೆ ವೆಬ್‌ಎಪಿಕೆ ಎನ್ನುತ್ತಾರೆ. ಹಾಗಾಗಿಯೇ ನಮ್ಮ ನೀರಿನ ಮಟ್ಟ ಉಳಿದ ಆ್ಯಪ್‌ಗಳ ಸಾಲಿನಲ್ಲಿ ಕಾಣಿಸುತ್ತದೆ, ಸೆಟ್ಟಿಂಗ್ಸ್‌ನ ಪಟ್ಟಿಯಲ್ಲಿಯೂ ಬರುತ್ತದೆ, ಒತ್ತಿ ಹಿಡಿದು ಅಳಿಸಲೂ ಬರುತ್ತದೆ. ಆದರೆ ಒಳಗಿನ ಪುಟವನ್ನು ನಡೆಸುವುದು ಕ್ರೋಮ್‌ನ ಯಂತ್ರವೇ, ಅದು ಕೂಡಿಟ್ಟುಕೊಳ್ಳುವ ಮಾಹಿತಿ ಇರುವುದೂ ಕ್ರೋಮ್‌ನ ಜಾಗದಲ್ಲಿಯೇ. ಫೋನ್ ಭರ್ತಿಯಾಯಿತೆಂದು ಯಾರಾದರೂ ಕ್ರೋಮ್‌ನ ಡೇಟಾ ಅಳಿಸಿದರೆ ಐಕಾನ್ ಉಳಿಯುತ್ತದೆ, ಒಳಗೆ ಕೂಡಿಟ್ಟದ್ದೆಲ್ಲ ಹೋಗುತ್ತದೆ. ಸಿಗ್ನಲ್ ಇಲ್ಲದಲ್ಲಿ ನಿನ್ನೆ ತೆರೆಯುತ್ತಿದ್ದ ಆ್ಯಪ್ ಇವತ್ತು ತೆರೆಯುವುದಿಲ್ಲ ಎಂಬ ದೂರು ಬಂದರೆ ಮೊದಲು ಕೇಳಬೇಕಾದದ್ದು ಕ್ರೋಮ್‌ನ ಡೇಟಾ ಅಳಿಸಿದಿರಾ ಎಂದು.

ಮ್ಯಾನಿಫೆಸ್ಟ್‌ನಲ್ಲಿ ಕನ್ನಡದ ಹೆಸರು ಬರೆಯಲು ಅಡ್ಡಿಯೇನಿಲ್ಲ. ಕಡತ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿರಬೇಕು ಅಷ್ಟೆ. ತೊಡಕು ಬರುವುದು ಉದ್ದದಲ್ಲಿ. `short_name` ಸುಮಾರು 12 ಅಕ್ಷರದೊಳಗೆ ಇರಲಿ ಎಂಬ ಸಲಹೆ ಇಂಗ್ಲಿಷ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. "ಶ್ರೀರಂಗಪಟ್ಟಣ" ನಮ್ಮ ಕಣ್ಣಿಗೆ ಆರು ಅಕ್ಷರ, ಕಂಪ್ಯೂಟರಿನ ಲೆಕ್ಕದಲ್ಲಿ 12 ಸಂಕೇತ, ಏಕೆಂದರೆ ಒತ್ತು, ದೀರ್ಘ, ಸೊನ್ನೆಗಳಿಗೆಲ್ಲ ಬೇರೆ ಬೇರೆ ಸಂಕೇತಗಳಿವೆ. ಆದರೆ ಐಕಾನ್ ಕೆಳಗಿನ ಹೆಸರನ್ನು ಫೋನ್ ಕತ್ತರಿಸುವುದು ಈ ಎರಡು ಎಣಿಕೆಗಳಲ್ಲಿ ಯಾವುದನ್ನೂ ನೋಡಿ ಅಲ್ಲ, ಪರದೆಯ ಮೇಲೆ ಆ ಹೆಸರು ಹಿಡಿಯುವ ಅಗಲವನ್ನು ನೋಡಿ. ಕನ್ನಡದ ಅಕ್ಷರಗಳು ಅಗಲ. ಆದ್ದರಿಂದ ಎಣಿಸಿ ತೃಪ್ತಿಪಡದೆ, ಅಕ್ಷರದ ಗಾತ್ರ ದೊಡ್ಡದು ಮಾಡಿಟ್ಟುಕೊಂಡ ಒಂದು ಸಾಧಾರಣ ಫೋನಿನಲ್ಲಿ ಹಾಕಿ ನೋಡಬೇಕು. ವಯಸ್ಸಾದ ರೈತರ ಫೋನುಗಳಲ್ಲಿ ಅಕ್ಷರ ದೊಡ್ಡದಾಗಿಯೇ ಇರುತ್ತದೆ.

ಐಕಾನ್‌ನದೂ ಇಂಥದೇ ಒಂದು ವಿವರ. ಒಂದು ಫೋನ್ ಐಕಾನ್‌ಗಳನ್ನು ವೃತ್ತವಾಗಿ ಕತ್ತರಿಸಿದರೆ ಇನ್ನೊಂದು ಮೂಲೆ ದುಂಡಗಿರುವ ಚೌಕವಾಗಿ ಕತ್ತರಿಸುತ್ತದೆ. `maskable` ಎಂದು ಗುರುತು ಹಾಕಿದ ಚಿತ್ರ ಇದ್ದರೆ ಫೋನ್ ಅದನ್ನು ಅಂಚಿನತನಕ ತುಂಬಿಸಿಕೊಂಡು ತನ್ನ ಆಕಾರಕ್ಕೆ ಕತ್ತರಿಸುತ್ತದೆ. ಇಲ್ಲದಿದ್ದರೆ ಬಿಳಿ ತಟ್ಟೆಯ ನಡುವೆ ಪುಟ್ಟದಾಗಿ ಕೂರಿಸುತ್ತದೆ. ಕತ್ತರಿ ಎಲ್ಲಿ ಬಿದ್ದರೂ ಉಳಿಯಬೇಕಾದದ್ದು ಚಿತ್ರದ ನಡುವಿನ, ಅಗಲದ ಶೇ 80ರಷ್ಟು ವ್ಯಾಸದ ವೃತ್ತದೊಳಗೆ ಇರಬೇಕು. ಕಟ್ಟೆಯ ಚಿತ್ರವನ್ನು ಅಂಚಿನಿಂದ ಅಂಚಿಗೆ ಬರೆದರೆ ಎರಡು ತುದಿಯೂ ಹೋಗುತ್ತವೆ.

ಇನ್‌ಸ್ಟಾಲ್ ಮಾಡಿ ಎಂದು ಕ್ರೋಮ್ ತಾನಾಗಿ ಕೇಳುವುದು ಯಾವಾಗ? ನೋಡುವವರು ಪುಟವನ್ನು ಒಮ್ಮೆಯಾದರೂ ಮುಟ್ಟಿರಬೇಕು, ಕನಿಷ್ಠ 30 ಸೆಕೆಂಡ್ ಅದನ್ನು ನೋಡಿರಬೇಕು. ಸುಮ್ಮನೆ ಹಾದುಹೋಗುವವರ ಮುಂದೆಲ್ಲ ಆಹ್ವಾನ ಹಿಡಿಯುವುದು ಬೇಡ ಎಂಬ ಒಳ್ಳೆಯ ಉದ್ದೇಶದ ನಿಯಮ. ಆದರೆ ನಮ್ಮ ತಾಣದ ಯಶಸ್ಸು ಇರುವುದೇ ಹತ್ತು ಸೆಕೆಂಡಿನಲ್ಲಿ ಅಂಕಿ ಕೊಟ್ಟು ಕಳಿಸುವುದರಲ್ಲಿ! ಮೊದಲ ಸಲ ಬಂದವರಿಗೆ ಆಹ್ವಾನ ಕಾಣದೇ ಹೋಗುವ ಸಾಧ್ಯತೆಯೇ ಹೆಚ್ಚು. ತಾಣದವರೇ ಇನ್‌ಸ್ಟಾಲ್ ಗುಂಡಿ ಇಟ್ಟರೂ ಅದಕ್ಕೆ ಬೇಕಾದ `beforeinstallprompt` ಎಂಬ ಸೂಚನೆಯನ್ನು ಕ್ರೋಮ್ ಕಳಿಸುವುದು ಈ ನಿಯಮ ಪೂರೈಸಿದ ಮೇಲೆಯೇ. ಆದರೆ ಬ್ರೌಸರ್‌ನ ಮೂರು ಚುಕ್ಕಿ ಮೆನುವಿನಲ್ಲಿ ಹೋಮ್ ಸ್ಕ್ರೀನ್‌ಗೆ ಸೇರಿಸುವ ಆಯ್ಕೆ ಇದಕ್ಕೆ ಕಾಯುವುದಿಲ್ಲ. ಆದ್ದರಿಂದ ಅಂಕಿಗಳ ಕೆಳಗೆ ಒಂದು ಸಾಲಿನಲ್ಲಿ, ಮೂರು ಚುಕ್ಕಿ ಮುಟ್ಟಿ ಸೇರಿಸಿಕೊಳ್ಳಿ ಎಂದು ಬರೆಯುವುದೇ ಸರಿ. ಐಫೋನ್‌ನಲ್ಲಂತೂ ಈ ಆಹ್ವಾನವೇ ಇಲ್ಲ. ಸಫಾರಿಯ ಶೇರ್ ಗುಂಡಿಯಿಂದ ಕೈಯಾರೆ ಸೇರಿಸಬೇಕು.

ಇಲ್ಲಿಗೆ ಐಕಾನ್ ಬಂದಾಯಿತು. ಮ್ಯಾನಿಫೆಸ್ಟ್‌ನ ಕೆಲಸ ಬಹುಪಾಲು ಮುಗಿಯಿತು, ಮತ್ತು ನನ್ನ ದೃಷ್ಟಿಯಲ್ಲಿ ನಿಜವಾದ ಕೆಲಸ ಇಲ್ಲಿಂದ ಶುರು. ಅಡ್ರೆಸ್ ಬಾರ್ ಮರೆಯಾದಾಗ ಅದರ ಜೊತೆಗಿದ್ದ ರೀಲೋಡ್ ಗುಂಡಿ, ಪುಟ ಬರುತ್ತಿದೆ ಎಂದು ತೋರಿಸುವ ಗೆರೆ, ಐಫೋನ್‌ನಲ್ಲಿ ಹಿಂದೆ ಹೋಗುವ ಬಾಣ ಎಲ್ಲವೂ ಹೋಗುತ್ತವೆ. ಬ್ರೌಸರ್ ಮಾಡುತ್ತಿದ್ದ ಕೆಲಸವೆಲ್ಲ ತಾಣ ಮಾಡುವವರ ಮೇಲೆ ಬೀಳುತ್ತದೆ. ಬ್ರೌಸರಿನಲ್ಲಿ ಪುಟ ಬಾರದಿದ್ದರೆ ಜನ ನೆಟ್ ಸರಿಯಿಲ್ಲ ಎನ್ನುತ್ತಾರೆ, ಐಕಾನ್ ಮುಟ್ಟಿ ಬಿಳಿ ಪರದೆ ಬಂದರೆ ಆ್ಯಪ್ ಕೆಟ್ಟಿದೆ ಎನ್ನುತ್ತಾರೆ.

ಬಿಳಿ ಪರದೆಯನ್ನು ತಪ್ಪಿಸುವುದು ಸರ್ವಿಸ್ ವರ್ಕರ್. ತಾಣ ಮತ್ತು ಜಾಲದ ನಡುವೆ ಫೋನಿನಲ್ಲಿಯೇ ಕುಳಿತು, ಪುಟ ಕೇಳುವ ಪ್ರತಿಯೊಂದನ್ನೂ ಕೂಡಿಟ್ಟದ್ದರಿಂದ ಕೊಡಬೇಕೋ ಜಾಲದಿಂದ ತರಬೇಕೋ ಎಂದು ತೀರ್ಮಾನಿಸುವ ಒಂದು ಪ್ರೋಗ್ರಾಮ್ ಅದು. ಮೊದಲು ಇನ್‌ಸ್ಟಾಲ್ ಆಗಲು ಇದೂ ಕಡ್ಡಾಯವಾಗಿತ್ತು. ಕ್ರೋಮ್ ಈಚಿನ ವರ್ಷಗಳಲ್ಲಿ ಆ ಷರತ್ತನ್ನು ಕೈಬಿಟ್ಟಿದೆ. ಷರತ್ತು ಹೋಯಿತೇ ಹೊರತು ಅದರ ಅಗತ್ಯ ಹೋಗಲಿಲ್ಲ. ಸರ್ವಿಸ್ ವರ್ಕರ್ ಇಲ್ಲದ ತಾಣ ಐಕಾನ್ ಪಡೆಯಬಹುದು. ಸಿಗ್ನಲ್ ಇಲ್ಲದ ಗದ್ದೆಯಲ್ಲಿ ಅದನ್ನು ಮುಟ್ಟಿದರೆ ನೆಟ್ ಇಲ್ಲ ಎಂಬ ಸಂದೇಶ ಬಿಟ್ಟರೆ ಬೇರೇನೂ ಬರುವುದಿಲ್ಲ.

ಸಿಗ್ನಲ್ ಪೂರ್ತಿ ಇಲ್ಲದಿರುವುದು ಸುಲಭದ ಸಂದರ್ಭ. ಕಷ್ಟದ್ದು ಎರಡು ಕಡ್ಡಿ ಕಾಣುತ್ತಾ ಏನೂ ಬಾರದಿರುವುದು. ಗುಡ್ಡದ ಮರೆಯಲ್ಲಿ, ಜಾತ್ರೆಯ ಜನಸಂದಣಿಯಲ್ಲಿ ಇದು ದಿನನಿತ್ಯದ ಅನುಭವ. ಜಾಲ ಇದೆಯೇ ಎಂದು ಕೇಳಲು ಬ್ರೌಸರ್‌ನಲ್ಲಿ `navigator.onLine` ಎಂಬುದೊಂದಿದೆ. ಫೋನ್ ಟವರ್‌ಗೆ ಅಂಟಿಕೊಂಡಿದ್ದರೆ ಸಾಕು, ಮಾಹಿತಿ ಹರಿಯದಿದ್ದರೂ ಅದು ಹೌದು ಎನ್ನುತ್ತದೆ. ಅದನ್ನು ನಂಬಿ ಮೊದಲು ಜಾಲ, ಆಮೇಲೆ ಸಂಗ್ರಹ ಎಂದು ಬರೆದ ಸರ್ವಿಸ್ ವರ್ಕರ್ ಉತ್ತರಕ್ಕಾಗಿ ಅರ್ಧ ನಿಮಿಷ ಬಾಯಿಬಿಟ್ಟು ಕೂರಬಹುದು. ಆದ್ದರಿಂದ ಕ್ರಮ ತಿರುಗುಮುರುಗಾಗಬೇಕು. ಪುಟದ ಚೌಕಟ್ಟು, ಅಕ್ಷರಶೈಲಿ, ಕಳೆದ ಸಲದ ಅಂಕಿ ಇಷ್ಟನ್ನೂ ಸಂಗ್ರಹದಿಂದ ಕೂಡಲೇ ತೋರಿಸಿ, ಹೊಸ ಅಂಕಿಯನ್ನು ಹಿಂದಿನಿಂದ ಕೇಳಬೇಕು. ಮೂರು ನಾಲ್ಕು ಸೆಕೆಂಡಿನಲ್ಲಿ ಬಾರದಿದ್ದರೆ ಬರಲಿಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ಐಕಾನ್ ಮುಟ್ಟಿದ ಕೂಡಲೇ ಏನೋ ಒಂದು ಅರ್ಥವಿರುವುದು ಕಣ್ಣಿಗೆ ಬೀಳುವುದು, ಜಾಲ ಹೇಗೇ ಇರಲಿ: ಜಾಲತಾಣ ಆ್ಯಪ್ ಅನ್ನಿಸುವುದು ಇಲ್ಲಿ.

ಈ ವೇಗದೊಳಗೇ ಒಂದು ಅಪಾಯವೂ ಇದೆ, ನೀರಿನ ವಿಷಯದಲ್ಲಿ ಅದು ಸಣ್ಣದಲ್ಲ. ಒಂದು ಊಹೆಯ ದಿನವನ್ನು ತೆಗೆದುಕೊಳ್ಳಿ. ಬೆಳಿಗ್ಗೆ 8ಕ್ಕೆ ಹೊರಹರಿವು 5,000 ಕ್ಯೂಸೆಕ್. ಹೊಳೆದಂಡೆಯ ರೈತರೊಬ್ಬರು ಅದನ್ನು ನೋಡಿದರು, ಆ್ಯಪ್ ಅದನ್ನು ಕೂಡಿಟ್ಟುಕೊಂಡಿತು. ಮಧ್ಯಾಹ್ನ ಗೇಟುಗಳನ್ನು ಎತ್ತಿ 60,000 ಕ್ಯೂಸೆಕ್ ಬಿಟ್ಟರು. ಸಂಜೆ 4ಕ್ಕೆ ಪಂಪ್‌ಸೆಟ್ ತರಲು ಹೋಗುವ ಮುಂಚೆ ಅವರು ಮತ್ತೆ ಐಕಾನ್ ಮುಟ್ಟಿದರು. ಸಿಗ್ನಲ್ ಇಲ್ಲ. ಪರದೆ ಥಟ್ಟನೆ ತೆರೆದು, ದೊಡ್ಡ ಅಕ್ಷರದಲ್ಲಿ 5,000 ಎಂದಿತು. ಬಿಳಿ ಪರದೆ ಬಂದಿದ್ದರೆ ಅವರು ಯಾರನ್ನಾದರೂ ಕೇಳುತ್ತಿದ್ದರು. ಚೆನ್ನಾಗಿ ಕೆಲಸ ಮಾಡಿದ ಆ್ಯಪ್ ಅವರನ್ನು ತಪ್ಪುದಾರಿಗೆ ಎಳೆಯಿತು. ಹೊರಹರಿವು ಲಕ್ಷ ಕ್ಯೂಸೆಕ್ ದಾಟಿ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯನ್ನು ಮುಟ್ಟಿದ, ರಂಗನತಿಟ್ಟಿನ ದೋಣಿವಿಹಾರವನ್ನು ನಿಲ್ಲಿಸಿದ ಮಳೆಗಾಲಗಳನ್ನು ಕಂಡ ಊರು ಅದು.

ಹಾಗಾಗಿ ಅಂಕಿಯ ಪಕ್ಕದಲ್ಲಿ ಹೊತ್ತು ಇರಲೇಬೇಕು, ಅದೂ ಅಂಕಿಯಷ್ಟೇ ದೊಡ್ಡದಾಗಿ. ಯಾವ ಹೊತ್ತು ಎಂಬುದೂ ಮುಖ್ಯ. ಫೋನ್ ಅದನ್ನು ತಂದ ಹೊತ್ತನ್ನು ಅನೇಕ ಆ್ಯಪ್‌ಗಳು ತೋರಿಸುತ್ತವೆ; ಅದು ಉಪಯೋಗಕ್ಕಿಲ್ಲ. ಬೆಳಿಗ್ಗೆ 8ರ ಅಳತೆಯನ್ನು ಸಂಜೆ 4ಕ್ಕೆ ತಂದರೆ "4 ಗಂಟೆಗೆ" ಎಂದು ಬರೆದದ್ದು ಸುಳ್ಳಾಗುತ್ತದೆ. ಕಟ್ಟೆಯಲ್ಲಿ ಅಳೆದ ಹೊತ್ತೇ ಮಾಹಿತಿಯ ಜೊತೆ ಬರಬೇಕು. ಅಳತೆ ಇಂತಿಷ್ಟು ಗಂಟೆಗಿಂತ ಹಳೆಯದಾದರೆ ಮಟ್ಟವನ್ನು ಉಳಿಸಿಕೊಂಡು, ಹೊರಹರಿವಿನ ಅಂಕಿಯನ್ನು ತೆಗೆದು, ಅಲ್ಲಿ "ಹೊಸ ಅಂಕಿ ಬಂದಿಲ್ಲ" ಎಂದು ಬರೆಯುವುದು ನನಗೆ ಸರಿ ಕಾಣುತ್ತದೆ. ಕಟ್ಟೆಯ ಮಟ್ಟ ಏರಿಳಿಯುವುದು ನಿಧಾನ, ಗೇಟು ಎತ್ತಲು ನಿಮಿಷಗಳು ಸಾಕು. ಎರಡು ಅಂಕಿಗಳ ಆಯುಸ್ಸು ಒಂದೇ ಅಲ್ಲ.

ತಾಣವನ್ನು ತಿದ್ದಿದ ಮೇಲೂ ಹಳೆಯದೇ ಕಾಣುವ ಇನ್ನೊಂದು ತೊಂದರೆ ಇದೆ. ಹೊಸ ಸರ್ವಿಸ್ ವರ್ಕರ್ ಬಂದು ಸೇರಿಕೊಂಡರೂ, ಹಳೆಯದರ ಕೈಕೆಳಗೆ ತೆರೆದಿರುವ ಪುಟಗಳೆಲ್ಲ ಮುಚ್ಚುವ ತನಕ ಅದು ಕಾಯುತ್ತದೆ. ಆ್ಯಪ್‌ಗಳನ್ನು ಪೂರ್ತಿ ಮುಚ್ಚುವವರು ಅಪರೂಪ. ಹಿಂದೆ ಸರಿಸಿ ಫೋನ್ ಜೇಬಿಗೆ ಹಾಕುತ್ತಾರೆ. ಹೀಗಾಗಿ ನಿನ್ನೆ ಸರಿಪಡಿಸಿದ ತಪ್ಪು ಕೆಲವರ ಫೋನಿನಲ್ಲಿ ವಾರಗಟ್ಟಲೆ ಉಳಿಯಬಹುದು. ಹೊಸ ಆವೃತ್ತಿ ಬಂದಿದೆ, ಮುಟ್ಟಿ ಎಂಬ ಒಂದು ಪಟ್ಟಿಯನ್ನು ತೋರಿಸಿ, ಮುಟ್ಟಿದಾಗ `skipWaiting()` ಕರೆದು ಪುಟವನ್ನು ಮತ್ತೆ ತೆರೆಸುವುದು ಬಳಕೆಯಲ್ಲಿರುವ ಪರಿಹಾರ. ಇದೇ ರೀತಿ `id` ಕೊಡದೆ ಬಿಟ್ಟು, ಮುಂದೊಂದು ದಿನ `start_url` ಬದಲಿಸಿದರೆ ಕ್ರೋಮ್ ಅದನ್ನು ಬೇರೆಯೇ ಆ್ಯಪ್ ಎಂದು ತಿಳಿಯುತ್ತದೆ. ಹಳೆಯ ಐಕಾನ್ ಉಳಿದು, ಪಕ್ಕದಲ್ಲಿ ಅದೇ ಹೆಸರಿನ ಇನ್ನೊಂದು ಬರಬಹುದು.

ಕೆಲವೊಮ್ಮೆ ಮರೆಯಾದ ಅಡ್ರೆಸ್ ಬಾರ್ ಮರಳಿ ಬರುವುದುಂಟು. ನಮ್ಮ ತಾಣದಿಂದ ಸರ್ಕಾರದ ಯಾವುದೋ ಪುಟಕ್ಕೆ ಕೊಂಡಿ ಕೊಟ್ಟಿದ್ದೇವೆ, ಅದನ್ನು ಮುಟ್ಟಿದರೆ ಮೇಲ್ಗಡೆ ವಿಳಾಸವಿರುವ ಒಂದು ಪಟ್ಟಿ ಕಾಣುತ್ತದೆ. ಇದನ್ನು ದೋಷವೆಂದು ತಿಳಿದು ಅಳಿಸಲು ಹೆಣಗುವವರನ್ನು ಕಂಡಿದ್ದೇನೆ. ಅದು ದೋಷವಲ್ಲ. `scope` ಎಂದು ಹೇಳಿದ ಎಲ್ಲೆಯನ್ನು ದಾಟಿದ್ದೀರಿ, ಈಗ ಇರುವುದು ಬೇರೆಯವರ ಜಾಗದಲ್ಲಿ ಎಂದು ಬ್ರೌಸರ್ ನೋಡುವವರಿಗೆ ತಿಳಿಸುತ್ತಿದೆ. ಈ ಕಾವಲು ಇಲ್ಲದಿದ್ದರೆ ಯಾವ ತಾಣವಾದರೂ ಬ್ಯಾಂಕಿನ ಮುಖ ಹಾಕಿಕೊಂಡು ಪಿನ್ ಕೇಳಬಹುದಿತ್ತು.

ಮುನ್ನೆಚ್ಚರಿಕೆಯನ್ನು ಆ್ಯಪ್ ತಾನಾಗಿ ಕಳಿಸಬಾರದೇ ಎಂದು ಕೇಳಬಹುದು. ಆಂಡ್ರಾಯ್ಡ್‌ನಲ್ಲಿ ಅನುಮತಿ ಕೊಟ್ಟರೆ ಜಾಲತಾಣ ಸೂಚನೆ ಕಳಿಸಬಲ್ಲದು. ಐಫೋನ್‌ನಲ್ಲಿ 2023ರ ಮಾರ್ಚ್‌ನಲ್ಲಿ ಬಂದ ಐಒಎಸ್ 16.4ರಿಂದ ಅದು ಸಾಧ್ಯವಾಗಿದೆ, ಅದೂ ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡವರಿಗೆ ಮಾತ್ರ. ಆದರೆ ಸೂಚನೆ ತಲುಪಲು ಜಾಲ ಬೇಕು, ಬ್ಯಾಟರಿ ಉಳಿಸಲು ಹಿಂದಿನ ಕೆಲಸಗಳನ್ನು ಕೊಲ್ಲುವ ಫೋನುಗಳಲ್ಲಿ ಅದು ತಡವಾಗಿ ಬರಬಹುದು, ಬಾರದೆಯೂ ಇರಬಹುದು.

ಇಂಥ ತಾಣವನ್ನು ಮಾಡುವವರಿಗೆ ಒಂದು ಪರೀಕ್ಷೆ ಸಾಕು. ಕಂಪ್ಯೂಟರಿನ ಕ್ರೋಮ್‌ನಲ್ಲಿ ಡೆವಲಪರ್ ಟೂಲ್ಸ್ ತೆರೆದು `Application` ಅಡಿಯಲ್ಲಿ `Manifest` ನೋಡಿ, ಅಲ್ಪವಿರಾಮ ಹೆಚ್ಚಾಗಿದ್ದರೂ ಐಕಾನ್ ಸಿಗದಿದ್ದರೂ ಅಲ್ಲಿ ಬರೆದಿರುತ್ತದೆ. ಆಮೇಲೆ ಅಗ್ಗದ ಒಂದು ಆಂಡ್ರಾಯ್ಡ್ ಫೋನಿಗೆ ಸೇರಿಸಿ, ಏರೋಪ್ಲೇನ್ ಮೋಡ್‌ಗೆ ಹಾಕಿ, ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಐಕಾನ್ ಮುಟ್ಟಿ. ಪರದೆ ತೆರೆಯಬೇಕು, ಅದರಲ್ಲಿರುವುದು ನಿನ್ನೆಯ ಅಂಕಿ ಎಂದು ಕನ್ನಡಕವಿಲ್ಲದವರಿಗೂ ತಿಳಿಯಬೇಕು. ನೋಡುವವರಲ್ಲಿ ನನ್ನ ಕೋರಿಕೆ ಇಷ್ಟು: ಅಂಕಿ ಓದುವ ಮುಂಚೆ ಅದರ ಹೊತ್ತು ಓದಿ, ಮತ್ತು ನದಿಪಾತ್ರಕ್ಕೆ ಇಳಿಯಬೇಡಿ ಎಂದು ಆಡಳಿತದವರು ಮೈಕಿನಲ್ಲಿ ಕೂಗಿದ ದಿನ ಫೋನಿನ ಪರದೆ ಏನೇ ಹೇಳಲಿ, ಇಳಿಯಬೇಡಿ.